ಮೂವರು ತಿದ್ದಿದ ಒಂದೇ ಸಾಲು: ಕರಡಿನ ಗೊಂದಲ ಬಿಡಿಸುವ ಬಗೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ರೈತ ಸಂಘ, ಒಣದ್ರಾಕ್ಷಿ ಮಾಡುವವರಿಗಾಗಿ 16 ಪುಟದ ಕೈಪಿಡಿ ತರುತ್ತಿದೆ ಅಂದುಕೊಳ್ಳಿ. ಬರೆದು ಜೋಡಿಸುವ ಕೆಲಸ ನಿಮ್ಮದು. ಕರಡು ಸಿದ್ಧವಾದ ಮೇಲೆ ನಾಲ್ಕು ಜನರಿಗೆ ಕಳಿಸಿದ್ದೀರಿ. ಒಬ್ಬರು ತೋಟಗಾರಿಕೆ ವಿಜ್ಞಾನಿ. ಒಬ್ಬರು ವರ್ಷಗಟ್ಟಲೆ ದ್ರಾಕ್ಷಿ ಒಣಗಿಸಿದ ಹಿರಿಯ ರೈತರು. ಒಬ್ಬರು ಕನ್ನಡ ಮೇಷ್ಟ್ರು. ಇನ್ನೊಬ್ಬರು ಸಂಘದ ಕಾರ್ಯದರ್ಶಿ, ಅಂದರೆ ಮುದ್ರಣದ ಖರ್ಚು ನೋಡಿಕೊಳ್ಳುವವರು.

ವಾರದ ನಂತರ ನಾಲ್ಕು ಫೈಲು ವಾಪಸ್ ಬರುತ್ತವೆ. ನಾಲ್ಕರಲ್ಲೂ ಕೆಂಪು, ನೀಲಿ ಗೆರೆ. ಒಂದೇ ಸಾಲನ್ನು ಮೂವರು ಮೂರು ರೀತಿ ತಿದ್ದಿದ್ದಾರೆ. ಯಾರದ್ದನ್ನು ಒಪ್ಪಬೇಕು?

ಬಹಳ ಜನ ಇಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ದೊಡ್ಡವರು ಹೇಳಿದ್ದನ್ನು ಉಳಿಸಿಕೊಳ್ಳುತ್ತಾರೆ, ಇಲ್ಲವೇ ಕೊನೆಗೆ ಬಂದ ಫೈಲನ್ನು ಅಂತಿಮ ಅಂತ ತಿಳಿಯುತ್ತಾರೆ. ಎರಡರಲ್ಲೂ ತಪ್ಪು ಅಂಕಿ ಸದ್ದಿಲ್ಲದೆ ಪುಸ್ತಕ ಸೇರುತ್ತದೆ. ಟ್ರ್ಯಾಕ್ ಚೇಂಜಸ್ ಎಂಬ ಸೌಲಭ್ಯ ಯಾರು, ಯಾವಾಗ, ಏನು ತಿದ್ದಿದರು ಅಂತ ಹೇಳುತ್ತದೆ. ಯಾವುದು ಸರಿ ಅಂತ ಅದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಜೋಡಿಸುವವರ ಕೆಲಸ. ಆ ತೀರ್ಮಾನಕ್ಕೆ ಫೈಲುಗಳನ್ನು ಹೇಗೆ ಅಣಿ ಮಾಡಿಕೊಳ್ಳಬೇಕು ಅನ್ನುವುದನ್ನೇ ಇಲ್ಲಿ ವಿವರಿಸುತ್ತೇನೆ. ಉದಾಹರಣೆಗಳು ಮೈಕ್ರೋಸಾಫ್ಟ್ ವರ್ಡ್‌ನವು, ಯಾಕಂದರೆ ನಮ್ಮ ಕಡೆ ಡಿಟಿಪಿ ಅಂಗಡಿಯಿಂದ ಕಾಲೇಜಿನವರೆಗೆ ಜಾಸ್ತಿ ಓಡಾಡುವುದು ಅದರ ಫೈಲುಗಳೇ.

ಕಳಿಸುವ ಮುಂಚೆ

ಅರ್ಧ ಗೊಂದಲ ಹುಟ್ಟುವುದು ಕಳಿಸುವಾಗಲೇ. ನಾಲ್ಕೂ ಜನರಿಗೆ ಹೋಗುವುದು ಒಂದೇ ಪ್ರತಿ ಆಗಿರಬೇಕು. ವಿಜ್ಞಾನಿಗೆ ಸೋಮವಾರ ಕಳಿಸಿ, ಮಂಗಳವಾರ ಎರಡು ಸಾಲು ಸರಿಮಾಡಿ, ಬುಧವಾರ ಮೇಷ್ಟ್ರಿಗೆ ಕಳಿಸಿದರೆ ಅವರಿಬ್ಬರೂ ಓದಿದ್ದು ಬೇರೆ ಬೇರೆ ಕರಡು. ಆಮೇಲೆ ಆ ಎರಡನ್ನು ಕೂಡಿಸಿದಾಗ, ನೀವೇ ಮಾಡಿದ ಬದಲಾವಣೆ ಯಾರೋ ತಿದ್ದಿದ ಹಾಗೆ ಕಾಣುತ್ತದೆ.

ಹಾಗಾಗಿ ಕಳಿಸುವ ದಿನ ಕರಡಿಗೆ ಒಂದು ಹೆಸರು ಕೊಟ್ಟು ಮುಚ್ಚಿಬಿಡಿ. ಫೈಲಿನ ಹೆಸರು ಹೀಗಿರಲಿ:

```
onadrakshi_v02_2025-01-10_kalisiddu.docx
```

ಮೊದಲು ವಿಷಯ, ಆಮೇಲೆ ಪ್ರತಿಯ ಸಂಖ್ಯೆ, ಆಮೇಲೆ ತಾರೀಖು, ಕೊನೆಗೆ ಸ್ಥಿತಿ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಲು ಕಾರಣವಿದೆ. ಹಾಗೆ ಬರೆದರೆ ಫೋಲ್ಡರಿನಲ್ಲಿ ಹೆಸರಿನ ಪ್ರಕಾರ ಜೋಡಿಸಿದಾಗಲೂ ಫೈಲುಗಳು ಕಾಲದ ಕ್ರಮದಲ್ಲೇ ಕೂರುತ್ತವೆ. ದಿನ ಮೊದಲು ಬಂದರೆ ಫೆಬ್ರವರಿ 3ರ ಫೈಲು ಜನವರಿ 28ರ ಫೈಲಿಗಿಂತ ಮೇಲೆ ಹೋಗುತ್ತದೆ. ಸಂಖ್ಯೆಯನ್ನು 2 ಅನ್ನದೆ 02 ಅನ್ನುವುದೂ ಇದೇ ಕಾರಣಕ್ಕೆ. ಕೆಲವು ಕಡೆ v10 ಎಂಬುದು v2ಕ್ಕಿಂತ ಮೊದಲು ಬಂದು ಕೂರುತ್ತದೆ. ಹೆಸರನ್ನು ಕನ್ನಡ ಲಿಪಿಯಲ್ಲೂ ಇಡಬಹುದು. ಆದರೆ ಹಳೆ ಸಾಫ್ಟ್‌ವೇರ್ ಇರುವ ಕಂಪ್ಯೂಟರಿಗೆ ಹೋದಾಗ ಕೆಲವೊಮ್ಮೆ ಅಕ್ಷರ ಕೆಡುತ್ತವೆ. ಫೈಲಿನ ಹೆಸರಿಗೆ ಮಾತ್ರ ರೋಮನ್ ಅಕ್ಷರ ಬಳಸುವುದು ಒಳ್ಳೆಯದು.

`final` ಎಂಬ ಪದವನ್ನು ಹೆಸರಿನಲ್ಲಿ ಬಳಸಲೇಬೇಡಿ. ಅದು ಇದ್ದ ಮೇಲೆ `final2` ಬರುತ್ತದೆ, `final_new` ಬರುತ್ತದೆ, ಯಾವುದು ಮುಂಚಿನದು ಅಂತ ಯಾರಿಗೂ ಗೊತ್ತಾಗುವುದಿಲ್ಲ. `kalisiddu`, `kudisiddu`, `press` ಇಂಥ ಪದಗಳು ಫೈಲಿಗೆ ಏನಾಗಿದೆ ಅಂತ ನೇರ ಹೇಳುತ್ತವೆ.

ತಿದ್ದುವವರು ಹೆಸರಿನ ಕೊನೆಯ ಭಾಗವನ್ನು ಮಾತ್ರ ಬದಲಿಸಬೇಕು. ವಿಜ್ಞಾನಿಯದು `_vijnani`, ರೈತರದು `_raita`. ಪ್ರತಿಯ ಸಂಖ್ಯೆಯನ್ನು ಅವರು ಮುಟ್ಟಬಾರದು. v03 ಮಾಡುವ ಹಕ್ಕು ಒಬ್ಬರಿಗೇ ಇರಲಿ, ಅಂದರೆ ನಿಮಗೆ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಇಬ್ಬರು ಬೇರೆ ಬೇರೆ ಕಡೆ v03 ಮಾಡಿಬಿಟ್ಟರೆ ಒಂದೇ ಹೆಸರಿನ ಎರಡು ಕರಡು ಹುಟ್ಟುತ್ತವೆ, ಅಷ್ಟೇ.

ಇನ್ನು ಟ್ರ್ಯಾಕ್ ಚೇಂಜಸ್. ನೀವು ಅದನ್ನು ಆನ್ ಮಾಡಿಯೇ ಕಳಿಸಿ, ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಕೆಂಪು ಗೆರೆ ಕಣ್ಣಿಗೆ ಕಿರಿಕಿರಿ ಅಂತ ಯಾರಾದರೂ ಆಫ್ ಮಾಡಿಯೇ ಮಾಡುತ್ತಾರೆ. Review > Restrict Editing ಒಳಗೆ ಹೋಗಿ, ಯಾವ ಬಗೆಯ ತಿದ್ದುಪಡಿಗೆ ಅವಕಾಶ ಎಂಬಲ್ಲಿ Tracked changes ಆರಿಸಿ ಬೀಗ ಹಾಕಬಹುದು. ಆಗ ಏನೇ ಮುಟ್ಟಿದರೂ ಗುರುತು ಉಳಿಯುತ್ತದೆ. ವಾಪಸ್ ಬಂದ ಫೈಲುಗಳನ್ನು ಕೂಡಿಸುವ ಮುಂಚೆ ಈ ಬೀಗ ತೆಗೆಯಬೇಕು ಅನ್ನುವುದು ನೆನಪಿರಲಿ.

ತಿದ್ದುವವರ ಹೆಸರಿನ ಕಡೆಗೂ ಗಮನ ಬೇಕು. ವರ್ಡ್ ಗುರುತು ಹಾಕುವುದು File > Options > General ಒಳಗೆ User name ಎಂಬಲ್ಲಿ ಇರುವ ಹೆಸರಿನಿಂದ. ಮೇಷ್ಟ್ರು ಮಗಳ ಲ್ಯಾಪ್‌ಟಾಪಿನಲ್ಲಿ ತಿದ್ದಿದರೆ ಮಗಳ ಹೆಸರು ಬರುತ್ತದೆ. ಅಂಗಡಿಯಲ್ಲಿ ಕೂತು ತಿದ್ದಿಸಿದರೆ ಅಂಗಡಿಯ ಹೆಸರು ಬರುತ್ತದೆ. ಫೈಲಿನ ಹೆಸರಿನಲ್ಲಿ `_meshtru` ಅಂತ ಇದ್ದರೆ ಈ ಗೊಂದಲ ಬಿಡಿಸಬಹುದು. ಇಲ್ಲದಿದ್ದರೆ ಆಗುವುದಿಲ್ಲ.

ವಾಪಸ್ ಬಂದ ಫೈಲನ್ನು ನಂಬುವ ಮುಂಚೆ

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಬಂದ ಫೈಲಿನಲ್ಲಿ ಹತ್ತು ಕಡೆ ಕೆಂಪು ಗುರುತು ಇದ್ದರೆ ತಿದ್ದಿದ್ದು ಹತ್ತೇ ಕಡೆ ಅಂತ ಅರ್ಥವಲ್ಲ. ಮಧ್ಯೆ ಒಂದರ್ಧ ಗಂಟೆ ಟ್ರ್ಯಾಕಿಂಗ್ ಆಫ್ ಆಗಿದ್ದರೆ ಆಗ ತಿದ್ದಿದ್ದು ಯಾವುದೂ ಕಾಣುವುದಿಲ್ಲ.

ಪರೀಕ್ಷೆ ಸುಲಭ. ಬಂದ ಫೈಲಿನ ಒಂದು ನಕಲು ಮಾಡಿ. ನಕಲಿನಲ್ಲಿ ಎಲ್ಲ ತಿದ್ದುಪಡಿಗಳನ್ನೂ Reject All Changes ಮಾಡಿ. ಈಗ ಅದು ನೀವು ಕಳಿಸಿದ v02 ಹಾಗೇ ಇರಬೇಕು ಅಲ್ವಾ? Review > Compare ಮೂಲಕ ಎರಡನ್ನೂ ಹೋಲಿಸಿ. ಏನೂ ವ್ಯತ್ಯಾಸ ತೋರದಿದ್ದರೆ ಎಲ್ಲ ತಿದ್ದುಪಡಿಗೂ ಗುರುತು ಇದೆ. ವ್ಯತ್ಯಾಸ ತೋರಿದರೆ ಅದು ಗುರುತಿಲ್ಲದೆ ನುಸುಳಿದ ತಿದ್ದುಪಡಿ. ಅಂಥ ಫೈಲಿನ ಗುರುತನ್ನು ನೆಚ್ಚಬೇಡಿ. ತಿದ್ದಿದವರ ಫೈಲಿನ ಇನ್ನೊಂದು ನಕಲಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡು, v02 ಜೊತೆ ಹೊಸದಾಗಿ Compare ಮಾಡಿ. Label changes with ಎಂಬಲ್ಲಿ ಅವರ ಹೆಸರು ಬರೆಯಿರಿ. ಆಗ ಅವರು ಮಾಡಿದ್ದೆಲ್ಲ ಅವರ ಹೆಸರಿನಲ್ಲೇ ಗುರುತಾಗಿ ಬರುತ್ತದೆ.

ಕನ್ನಡದ ಫೈಲುಗಳಿಗೆ ಇನ್ನೆರಡು ತೊಂದರೆಗಳಿವೆ. ಒಂದು, ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆ ಆಸ್ಕಿ ಅಕ್ಷರದಲ್ಲಿರುವ ಪಠ್ಯ. ತಿದ್ದುವವರಲ್ಲಿ ಒಬ್ಬರು ಅದನ್ನು ಯೂನಿಕೋಡ್‌ಗೆ ಬದಲಿಸಿ ತಿದ್ದಿ ಕಳಿಸಿದರೆ, ಹೋಲಿಕೆಯಲ್ಲಿ ಪುಟ ಪೂರ್ತಿ ಕೆಂಪಾಗುತ್ತದೆ. ಕಣ್ಣಿಗೆ ಅದೇ ಅಕ್ಷರ, ಒಳಗಿನ ಸಂಕೇತ ಬೇರೆ. ಆ ಕೆಂಪಿನೊಳಗೆ ಅವರ ನಿಜವಾದ ಮೂರು ತಿದ್ದುಪಡಿ ಹುಡುಕುವುದು ಆಗದ ಮಾತು. ಕಳಿಸುವ ಮುಂಚೆಯೇ ಯೂನಿಕೋಡ್‌ಗೆ ತಂದು, ಕೊನೆಗೆ ಪ್ರೆಸ್ಸಿಗೆ ಕೊಡುವವರೆಗೂ ಅದರಲ್ಲೇ ಇರಿ.

ಎರಡನೆಯದು ಅಕ್ಷರದ ಒಳಗಿನ ತಿದ್ದುಪಡಿ. ಟ್ರ್ಯಾಕಿಂಗ್ ಆನ್ ಇದ್ದಾಗ ಒಂದು ಗುಣಿತದ ಚಿಹ್ನೆ ಮಾತ್ರ ಅಳಿಸಿ ಇನ್ನೊಂದು ಹಾಕಿದರೆ, ವರ್ಡ್ ಆ ಅಕ್ಷರವನ್ನು ಎರಡು ತುಂಡು ಮಾಡಿ ತೋರಿಸುತ್ತದೆ. ಒತ್ತಕ್ಷರ ಒಡೆದು, ಚುಕ್ಕೆಯ ವೃತ್ತ ಕಾಣಿಸಿ, ಓದಲಿಕ್ಕೇ ಬರುವುದಿಲ್ಲ. ಅದಕ್ಕೆ ತಿದ್ದುವವರಿಗೆ ಮೊದಲೇ ಹೇಳಿ: ಪದದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಇಡೀ ಪದ ಅಳಿಸಿ ಹೊಸದಾಗಿ ಬರೆಯಿರಿ. ನೀವು Compare ಮಾಡುವಾಗಲೂ Show changes at ಎಂಬಲ್ಲಿ Word level ಆರಿಸಿದರೆ ಇಡೀ ಪದಗಳೇ ಕಾಣುತ್ತವೆ.

ಹಿರಿಯ ರೈತರು ಕಂಪ್ಯೂಟರಿನಲ್ಲಿ ತಿದ್ದಲಿಲ್ಲ, ಮುದ್ರಿಸಿದ ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ಫೋಟೋ ಕಳಿಸಿದರು ಅಂದುಕೊಳ್ಳಿ. ಅವರ ಮಾತು ನಿಮ್ಮ ಹೆಸರಿನಲ್ಲಿ ಸೇರಬಾರದು. v02ರ ಒಂದು ನಕಲು ತೆಗೆದು `_raita` ಎಂದು ಹೆಸರಿಡಿ. User name ಎಂಬಲ್ಲಿ ಅವರ ಹೆಸರು ಹಾಕಿಕೊಂಡು ಅವರು ಬರೆದಿದ್ದನ್ನು ಹಾಗೇ ಏರಿಸಿ. ನಿಮ್ಮ ಖಾತೆಯಿಂದ ವರ್ಡ್‌ಗೆ ಲಾಗಿನ್ ಆಗಿದ್ದರೆ ಅಲ್ಲೇ ಕೆಳಗಿರುವ Always use these values ಎಂಬುದಕ್ಕೂ ಟಿಕ್ ಹಾಕಬೇಕು, ಇಲ್ಲದಿದ್ದರೆ ನಿಮ್ಮ ಹೆಸರೇ ಬರುತ್ತದೆ. ಮುಗಿದ ಮೇಲೆ ಎರಡನ್ನೂ ಮೊದಲಿನಂತೆ ಮಾಡಲು ಮರೆಯಬೇಡಿ.

ಒಂದು ಸಾಲು, ಮೂರು ತಿದ್ದುಪಡಿ

ಈಗ ಕೂಡಿಸುವ ಕೆಲಸ. Review > Compare > Combine. ಮೂಲವಾಗಿ v02 ಕೊಡಿ, ತಿದ್ದಿದ ಪ್ರತಿಯಾಗಿ ವಿಜ್ಞಾನಿಯ ಫೈಲು ಕೊಡಿ. ಎರಡೂ ಸೇರಿದ ಹೊಸ ಫೈಲು ಬರುತ್ತದೆ. ಅದನ್ನು ಉಳಿಸಿ, ಅದಕ್ಕೆ ರೈತರ ಫೈಲು ಕೂಡಿಸಿ, ಹೀಗೆ ಒಂದೊಂದಾಗಿ ಮುಂದುವರಿಯಿರಿ. ಅಕ್ಷರದ ಗಾತ್ರ, ದಪ್ಪ ಇಂಥ ರೂಪದ ಬದಲಾವಣೆಗಳಲ್ಲಿ ಒಂದು ಫೈಲಿನದನ್ನು ಮಾತ್ರ ವರ್ಡ್ ಉಳಿಸಿಕೊಳ್ಳುತ್ತದೆ, ಯಾವುದು ಬೇಕು ಅಂತ ಕೇಳುತ್ತದೆ. v02ರದನ್ನೇ ಉಳಿಸಿ. ವಿನ್ಯಾಸ ಹೇಗಿದ್ದರೂ ಪ್ರೆಸ್ಸಿನಲ್ಲಿ ಬದಲಾಗುತ್ತದೆ. ಎಲ್ಲ ಸೇರಿದ ಫೈಲಿಗೆ ಹೀಗೆ ಹೆಸರಿಡಿ:

```
onadrakshi_v02_2025-01-20_kudisiddu.docx
```

ಸಂಖ್ಯೆ ಇನ್ನೂ 02 ಆಗಿಯೇ ಇದೆ ನೋಡಿ. ಯಾಕಂದರೆ ಇನ್ನೂ ಯಾವುದೂ ತೀರ್ಮಾನವಾಗಿಲ್ಲ.

ಈಗ ಆ ಸಾಲಿಗೆ ಬರೋಣ. ದ್ರಾಕ್ಷಿ ಒಣಗಿಸುವ ಮುಂಚೆ ಗೊಂಚಲನ್ನು ಅದ್ದುವ ದ್ರಾವಣದ ಬಗ್ಗೆ ಕರಡಿನಲ್ಲಿ ಹೀಗಿತ್ತು: “ಒಂದು ಲೀಟರ್ ನೀರಿಗೆ 20 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್ ಬೆರೆಸಿ.” ಇದರಲ್ಲಿ ಅಂಕಿ ತಪ್ಪಿದೆ. ರೂಢಿಯಲ್ಲಿರುವ ಪ್ರಮಾಣ ಲೀಟರಿಗೆ 25 ಗ್ರಾಂ, ಜೊತೆಗೆ 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್.

ವಿಜ್ಞಾನಿ 20 ಅಳಿಸಿ 25 ಅಂತ ಹಾಕಿದರು. ರೈತರು “ಒಂದು ಲೀಟರ್ ನೀರಿಗೆ 20 ಗ್ರಾಂ” ಎಂಬಷ್ಟನ್ನೂ ಹೊಡೆದು “100 ಲೀಟರ್ ನೀರಿಗೆ ಎರಡೂವರೆ ಕಿಲೋ” ಅಂತ ಬರೆದರು. ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಹಾಕಿದರು: “ಒಂದ್ ಲೀಟರ್ ಲೆಕ್ಕ ಯಾರ್ ಹಿಡೀತಾರ್ರೀ? ನಾವು ಬ್ಯಾರಲ್‌ನಾಗ ಒಮ್ಮೆಲೆ ನೂರ್ ಲೀಟರ್ ಕಲಸ್ತೀವಿ.” ಮೇಷ್ಟ್ರು ಅಂಕಿ ಬೇಡ, ಅಕ್ಷರದಲ್ಲಿರಲಿ ಎಂದು 20 ಅಳಿಸಿ “ಇಪ್ಪತ್ತು” ಅಂತ ಮಾಡಿದರು.

ಎಲ್ಲರೂ ಹೇಳಿದ್ದಾರಲ್ಲ, ಎಲ್ಲವನ್ನೂ ಒಪ್ಪೋಣ ಅಂತ Accept All Changes ಒತ್ತಿದರೆ ಏನಾಗುತ್ತದೆ? ಅಳಿಸಿದ್ದೆಲ್ಲ ಹೋಗುತ್ತದೆ, ಸೇರಿಸಿದ್ದೆಲ್ಲ ಉಳಿಯುತ್ತದೆ. ಸಾಲು ಹೆಚ್ಚುಕಡಿಮೆ ಹೀಗಾಗುತ್ತದೆ: “100 ಲೀಟರ್ ನೀರಿಗೆ ಎರಡೂವರೆ ಕಿಲೋ 25 ಇಪ್ಪತ್ತು ಪೊಟ್ಯಾಸಿಯಂ ಕಾರ್ಬೋನೇಟ್ ಬೆರೆಸಿ.” ಇದು ಕಣ್ಣಿಗೆ ಬಿದ್ದರೆ ಪುಣ್ಯ. ಇದಕ್ಕಿಂತ ಅಪಾಯ ಇನ್ನೊಂದಿದೆ. ಕೊನೆಗೆ ಬಂದ ಮೇಷ್ಟ್ರ ಫೈಲನ್ನೇ ಅಂತಿಮ ಅಂತ ತಗೊಂಡರೆ ಸಾಲು ಬಹಳ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಆದರೆ ಇಪ್ಪತ್ತು ಎಂಬ ತಪ್ಪು ಅಂಕಿ ಅದರಲ್ಲೇ ಉಳಿಯುತ್ತದೆ. ಮೇಷ್ಟ್ರು ಆ ಪ್ರಮಾಣಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಅವರು ಅದರ ಬರವಣಿಗೆಯನ್ನು ಮಾತ್ರ ನೋಡಿದ್ದರು.

ಇಂಥ ಸಾಲು ಸಿಕ್ಕಾಗ ಮೊದಲು ಕೇಳಿಕೊಳ್ಳಬೇಕಾದದ್ದು ಯಾರು ಸರಿ ಎಂದಲ್ಲ, ಒಬ್ಬೊಬ್ಬರು ಯಾವ ವಿಷಯದ ಬಗ್ಗೆ ಮಾತಾಡುತ್ತಿದ್ದಾರೆ ಎಂದು. ವಿಜ್ಞಾನಿಯ ಮಾತು ಪ್ರಮಾಣದ್ದು. ರೈತರದು ಅಳತೆಯ ರೀತಿಯದ್ದು. ಮೇಷ್ಟ್ರದು ಬರೆಯುವ ಕ್ರಮದ್ದು. ಹೀಗೆ ಬಿಡಿಸಿ ನೋಡಿದಾಗ ಮೊದಲ ಇಬ್ಬರ ನಡುವೆ ಜಗಳವೇ ಇಲ್ಲ. ಲೀಟರಿಗೆ 25 ಗ್ರಾಂ ಅಂದರೆ 100 ಲೀಟರಿಗೆ 2,500 ಗ್ರಾಂ, ಅಂದರೆ ಎರಡೂವರೆ ಕಿಲೋ. ಇಬ್ಬರೂ ಒಂದೇ ಮಾತು ಹೇಳಿದ್ದಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳದೆಯೇ ಖಚಿತಪಡಿಸಿದ ಹಾಗಾಯಿತು. ಮೂರನೆಯದು ಶೈಲಿಯ ಮಾತು. ಅದನ್ನು ಒಂದು ಸಾಲಿಗಾಗಿ ತೀರ್ಮಾನಿಸಬಾರದು, ಪುಸ್ತಕಕ್ಕೆಲ್ಲ ಒಂದೇ ನಿಯಮ ಬೇಕು. ಪ್ರಮಾಣಗಳು ಅಂಕಿಯಲ್ಲಿರಲಿ, ಉಳಿದ ಎಣಿಕೆ ಅಕ್ಷರದಲ್ಲಿರಲಿ ಅಂತ ಮೇಷ್ಟ್ರಿಗೇ ಕೇಳಿ ಒಪ್ಪಿಸಿದರೆ ಇಡೀ ಕೈಪಿಡಿಯ ಹತ್ತಾರು ಕಡೆ ಒಂದೇ ಸಲ ಬಗೆಹರಿಯುತ್ತದೆ.

ಅಂತಿಮ ಸಾಲನ್ನು ಯಾರ ತುಂಡನ್ನೂ ಒಪ್ಪದೆ ಹೊಸದಾಗಿ ಬರೆಯಿರಿ. ಮೂವರ ತಿದ್ದುಪಡಿಯನ್ನೂ ಆ ಸಾಲಿನ ಮಟ್ಟಿಗೆ Reject ಮಾಡಿ, ಹಳೆ ಸಾಲನ್ನು ಅಳಿಸಿ, ನಿಮ್ಮ ಹೆಸರಿನಲ್ಲಿ ಹೀಗೆ ಬರೆಯಿರಿ: “100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಸಿಯಂ ಕಾರ್ಬೋನೇಟ್ ಬೆರೆಸಿ (ಲೀಟರಿಗೆ 25 ಗ್ರಾಂ).” ತುಂಡು ತುಂಡು ಒಪ್ಪಿಕೊಳ್ಳುತ್ತಾ ಹೋದರೆ ಎಲ್ಲೋ ಒಂದು ಪದ ಎರಡು ಸಲ ಉಳಿಯುತ್ತದೆ, ಇಲ್ಲವೇ ಎರಡು ಪದದ ನಡುವಿನ ಜಾಗ ಹೋಗುತ್ತದೆ.

ಆಮೇಲೆ ರೈತರ ಟಿಪ್ಪಣಿಗೆ Reply ಕೊಟ್ಟು ಎರಡೇ ಸಾಲಿನಲ್ಲಿ ಕಾರಣ ಬರೆಯಿರಿ: “ಬ್ಯಾರಲ್ ಲೆಕ್ಕವನ್ನೇ ಮೊದಲು ಇಟ್ಟಿದ್ದೇನೆ. ವಿಜ್ಞಾನಿಗಳ 25 ಗ್ರಾಂ ಕೂಡ ಇದೇ ಪ್ರಮಾಣ.” ಬರೆದ ಮೇಲೆ Resolve ಒತ್ತಿ. ಅಳಿಸಬೇಡಿ. ಅಳಿಸಿದರೆ ಎರಡು ವಾರದ ನಂತರ ಇದನ್ನು ಯಾಕೆ ಬದಲಿಸಿದಿರಿ ಅಂತ ಯಾರಾದರೂ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ನಿಜವಾದ ಜಗಳ

ಎಲ್ಲವೂ ಹೀಗೆ ಲೆಕ್ಕದಿಂದ ಬಗೆಹರಿಯುವುದಿಲ್ಲ. ಒಣದ್ರಾಕ್ಷಿಗೆ ಹೊಳೆಯುವ ಬಣ್ಣ ಬರಲಿ ಎಂದು ಗಂಧಕದ ಹೊಗೆ ಕೊಡುವ ಪದ್ಧತಿಯ ಬಗ್ಗೆ ಕರಡಿನಲ್ಲಿ ಒಂದು ಪ್ಯಾರಾ ಇದೆ. ಪುಟ ಜಾಸ್ತಿ ಆಯಿತು ಎಂದು ಕಾರ್ಯದರ್ಶಿ ಇಡೀ ಪ್ಯಾರಾ ಹೊಡೆದುಹಾಕಿದ್ದಾರೆ. ವಿಜ್ಞಾನಿ ಅದೇ ಪ್ಯಾರಾದೊಳಗೆ ಎರಡು ಎಚ್ಚರಿಕೆಯ ಸಾಲು ಸೇರಿಸಿದ್ದಾರೆ: ಹೊಗೆಯನ್ನು ಉಸಿರಾಡಬಾರದು, ಗಂಧಕದ ಅಂಶ ಮಿತಿ ಮೀರಿ ಉಳಿದರೆ ಮಾಲು ತಿರಸ್ಕಾರವಾಗಬಹುದು.

ಇಲ್ಲೂ ಎಲ್ಲವನ್ನೂ ಒಪ್ಪಿದರೆ ಪ್ಯಾರಾ ಹೋಗಿ, ಅದರೊಳಗೆ ಸೇರಿಸಿದ ಎರಡು ಸಾಲು ಮಾತ್ರ ಹಿಂದೆ ಮುಂದೆ ಇಲ್ಲದೆ ಉಳಿಯುತ್ತವೆ. ಅದಕ್ಕೆ ಸಾಲು ಸಾಲಾಗಿ ತಿದ್ದುವ ಮುಂಚೆ ಇಡೀ ಪ್ಯಾರಾ ತೆಗೆಯುವ, ಜಾಗ ಬದಲಿಸುವ ಪ್ರಶ್ನೆಗಳನ್ನು ಮೊದಲು ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಪ್ಯಾರಾವನ್ನು ಅರ್ಧ ಗಂಟೆ ತಿದ್ದಿ ಆಮೇಲೆ ಪೂರ್ತಿ ತೆಗೆಯಬೇಕಾಗುತ್ತದೆ.

ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಆದರೆ ನಾಲ್ಕೂ ಜನರ ಗುಂಪಿಗೆ ಹಾಕಿ ಏನು ಮಾಡೋಣ ಅಂತ ಕೇಳಲೂ ಬೇಡಿ. ಮೇಷ್ಟ್ರು, ರೈತರು ಹೊಸ ಅಭಿಪ್ರಾಯ ಹೇಳಿ ಎರಡಿದ್ದ ದಾರಿ ನಾಲ್ಕಾಗುತ್ತವೆ. ಸಂಬಂಧಪಟ್ಟ ಇಬ್ಬರಿಗೆ ಮಾತ್ರ, ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟು, ನಿಮ್ಮದೊಂದು ಪರಿಹಾರವನ್ನೂ ಸೇರಿಸಿ ಕಳಿಸಿ. ಉದಾಹರಣೆಗೆ: “ಸರ್, ಪುಟ 16 ದಾಟಬಾರದು ಎಂಬುದು ಸರಿ. ಆದರೆ ಪದ್ಧತಿ ಬಳಕೆಯಲ್ಲಿ ಇರುವುದರಿಂದ ಎಚ್ಚರಿಕೆ ಬೇಕು ಎನ್ನುತ್ತಾರೆ ವಿಜ್ಞಾನಿಗಳು. ಪ್ಯಾರಾ ತೆಗೆದು, ಎಚ್ಚರಿಕೆಯನ್ನು ನಾಲ್ಕು ಸಾಲಿನ ಚೌಕಟ್ಟಿನಲ್ಲಿ 11ನೇ ಪುಟದಲ್ಲಿ ಹಾಕಲೇ? ಸ್ಥಳಕ್ಕಾಗಿ ಮುನ್ನುಡಿಯಲ್ಲಿ ನಾಲ್ಕು ಸಾಲು ಕಡಿಮೆ ಮಾಡುತ್ತೇನೆ.” ಹೀಗೆ ಕೇಳಿದರೆ ಹೌದು, ಅಲ್ಲ ಎಂದು ಒಂದೇ ಉತ್ತರ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪುಟದ ಸಂಖ್ಯೆ ಹೇಳುವ ಹಕ್ಕು ಕಾರ್ಯದರ್ಶಿಗೆ ಇದೆ. ಯಾವ ಎಚ್ಚರಿಕೆ ಬಿಡಬಹುದು ಎಂದು ಹೇಳುವ ಹಕ್ಕು ಪುಟದ ಲೆಕ್ಕದಿಂದ ಬರುವುದಿಲ್ಲ. ಓದಿದವರ ಮೈಗೆ, ಮಾಲಿಗೆ ತೊಂದರೆ ಆಗುವಂಥ ಮಾತಿದ್ದರೆ ಸ್ಥಳವನ್ನು ಬೇರೆ ಕಡೆಯಿಂದ ಹುಡುಕಿ ತರಬೇಕು.

ಹೀಗೆ ಉತ್ತರ ಬೇಕಾದ ಸಾಲುಗಳು 16 ಪುಟದಲ್ಲಿ ಸಾಮಾನ್ಯವಾಗಿ ಕೆಲವೇ ಇರುತ್ತವೆ. ಅವನ್ನು ಮಾತ್ರ ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ: ಪುಟ, ಯಾರು ಏನು ಹೇಳಿದರು, ಏನು ತೀರ್ಮಾನ, ಯಾರು ಒಪ್ಪಿದರು, ಯಾವ ದಿನ. ಕಾಗುಣಿತದ ತಿದ್ದುಪಡಿಗಳನ್ನು ಇದರಲ್ಲಿ ಸೇರಿಸಬೇಡಿ. ಸೇರಿಸಿದರೆ ಪಟ್ಟಿ ಉದ್ದವಾಗಿ ಯಾರೂ ಓದುವುದಿಲ್ಲ. ಫೋನಿನಲ್ಲಿ ಒಪ್ಪಿದ ಮಾತನ್ನು ಅವತ್ತೇ ಪಟ್ಟಿಗೆ ಏರಿಸಿ, ಅವರಿಗೂ ಒಂದು ಸಾಲು ಬರೆದು ಕಳಿಸಿ.

ಗೂಗಲ್ ಡಾಕ್ಸ್ ಬಳಸುವವರಿಗೆ ಕೂಡಿಸುವ ಕೆಲಸವೇ ಇರುವುದಿಲ್ಲ. ಎಲ್ಲರೂ ಒಂದೇ ಫೈಲಿನಲ್ಲಿ Suggesting ಮೋಡ್‌ನಲ್ಲಿ ತಿದ್ದುತ್ತಾರೆ. ತಿದ್ದುವವರಿಗೆ Commenter ಅನುಮತಿ ಮಾತ್ರ ಕೊಟ್ಟರೆ ಅವರು ಸಲಹೆ ಬರೆಯಬಹುದು, ಒಪ್ಪುವ ಗುಂಡಿ ಅವರ ಕೈಗೆ ಸಿಗುವುದಿಲ್ಲ. ಪ್ರತಿಯ ಹೆಸರನ್ನು File > Version history > Name current version ಎಂಬಲ್ಲಿ ಕೊಡಬೇಕು. ಒಂದು ಕೊರತೆ ಇದೆ: ಮೊದಲು ತಿದ್ದಿದವರ ಮಾತು ಉಳಿದವರಿಗೆ ಕಾಣುತ್ತದೆ. ವಿಜ್ಞಾನಿಗಳೇ ಬರೆದಿದ್ದಾರೆ ಎಂದು ರೈತರು ತಮ್ಮ ಅನುಭವ ಹೇಳದೆ ಬಿಡಬಹುದು. ಮೇಲಿನ ಬ್ಯಾರಲ್ ಲೆಕ್ಕ ಸಿಕ್ಕಿದ್ದು ಇಬ್ಬರೂ ಬೇರೆ ಬೇರೆ ಓದಿದ್ದರಿಂದ. ಅಳತೆ, ಔಷಧ, ಹಣ ಇರುವ ಬರಹಕ್ಕೆ ನಾನು ಬೇರೆ ಬೇರೆ ಪ್ರತಿಯನ್ನೇ ಆರಿಸುತ್ತೇನೆ.

ಪ್ರೆಸ್ಸಿಗೆ ಹೋಗುವಾಗ

ಎಲ್ಲ ತೀರ್ಮಾನವಾದ ಮೇಲೆ ಮಾತ್ರ v03 ಹುಟ್ಟುತ್ತದೆ. ಅದರಲ್ಲಿ ಒಂದೂ ಗುರುತು ಉಳಿದಿರಬಾರದು. ಮೇಲೆ No Markup ಅಂತ ಆರಿಸಿದರೆ ಪುಟ ಸ್ವಚ್ಛವಾಗಿ ಕಾಣುತ್ತದೆ. ಆದರೆ ಅದು ಗುರುತುಗಳನ್ನು ಮರೆಮಾಡುತ್ತದೆ, ತೆಗೆಯುವುದಿಲ್ಲ. ಪ್ರೆಸ್ಸಿನ ಹುಡುಗ All Markup ಇಟ್ಟು ತೆರೆದರೆ ಹಳೆ 20 ಮತ್ತೆ ಕಾಣುತ್ತದೆ. Reviewing Pane ತೆರೆದು ನೋಡಿ, ತಿದ್ದುಪಡಿಗಳ ಸಂಖ್ಯೆ ಸೊನ್ನೆ ಇರಬೇಕು. ಪ್ರೆಸ್ಸಿಗೆ ಹೋಗುವ ನಕಲಿನಲ್ಲಿ File > Info > Check for Issues > Inspect Document ಮೂಲಕ ಟಿಪ್ಪಣಿಗಳನ್ನೂ ತೆಗೆಯಿರಿ. ಟಿಪ್ಪಣಿ ಇರುವ `kudisiddu` ಫೈಲು ನಿಮ್ಮ ಬಳಿಯೇ ಇರಲಿ.

```
onadrakshi_v03_2025-01-29_press.docx
```

ಪ್ರೆಸ್ಸಿನವರು ಪುಟ ಕಟ್ಟಲು ಮತ್ತೆ ಆಸ್ಕಿ ಅಕ್ಷರಕ್ಕೆ ಬದಲಿಸಬಹುದು. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು, ದಶಮಾಂಶದ ಚುಕ್ಕೆ ಕೆಡುವ ಸಾಧ್ಯತೆ ಇದೆ. 2.5 ಎಂಬುದು 25 ಆದರೆ ಪದ ತಿದ್ದುವವರ ಕಣ್ಣಿಗೆ ಅದು ತಪ್ಪಾಗಿ ಕಾಣುವುದೇ ಇಲ್ಲ. ಪ್ರೂಫ್ ಬಂದಾಗ ಬೇರೆ ಏನನ್ನೂ ಓದುವ ಮುಂಚೆ ಅಂಕಿಗಳನ್ನು ಮಾತ್ರ v03 ಜೊತೆ ಒಂದೊಂದಾಗಿ ತಾಳೆ ನೋಡಿ.

ಪ್ರೂಫ್‌ನಲ್ಲಿ ಮಾಡಿಸಿದ ತಿದ್ದುಪಡಿಗಳನ್ನು ಅವತ್ತೇ ವರ್ಡ್ ಫೈಲಿಗೂ ಏರಿಸಿ v04 ಮಾಡಿ. ಮುದ್ರಣವಾದ ಪುಸ್ತಕ ಮತ್ತು ನಿಮ್ಮ ಬಳಿಯ ಫೈಲು ಒಂದೇ ಆಗಿದ್ದರೆ, ಮುಂದಿನ ಹಂಗಾಮಿಗೆ ಎರಡನೇ ಮುದ್ರಣ ಬೇಕಾದಾಗ ಕಳಿಸಬೇಕಾದ ಪ್ರತಿ ಆ v04.